ಮೈನಸ್ 18ರಲ್ಲಿ 350ರ ಚಾರ್ಜರ್ ಕೊಟ್ಟಿದ್ದು ಬರೀ 41! ಪ್ರೀಕಂಡಿಷನಿಂಗ್ ಆನ್ ಇದ್ದರೂ ಯಾಕೆ ಹೀಗೆ?

ಹಾಸನ_ಟು_ಒಟ್ಟಾವಾ:
ತಲೆ ಕೆಟ್ಟುಹೋಗಿದೆ. ಶನಿವಾರ ನಮ್ಮ ಎಲೆಕ್ಟ್ರಿಕ್ ಕಾರಿನಲ್ಲಿ ಒಟ್ಟಾವಾದಿಂದ ಟೊರೊಂಟೊಗೆ ಹೊರಟಿದ್ದೆವು. ಕಿಂಗ್‌ಸ್ಟನ್‌ನಲ್ಲಿ ನಿಲ್ಲಿಸಿ 350 ಕಿಲೋವ್ಯಾಟ್ ಅಂತ ಬರೆದಿರುವ ಚಾರ್ಜರ್‌ಗೆ ಹಾಕಿದರೆ ಬಂದಿದ್ದು 41. ಅರ್ಧ ಗಂಟೆ ಕಳೆದ ಮೇಲೆ 60ರ ಹತ್ತಿರ ಬಂತು. 80 ಪರ್ಸೆಂಟ್ ಆಗುವಷ್ಟರಲ್ಲಿ ಹತ್ತಿರ ಹತ್ತಿರ ಒಂದು ಗಂಟೆ. ಹೊರಗೆ ಮೈನಸ್ 18, ಹಿಂದೆ ಇಬ್ಬರು ಮಕ್ಕಳು. ಚಾರ್ಜ್‌ಗೆ ಮೊದಲೇ ಬ್ಯಾಟರಿ ಬಿಸಿ ಮಾಡುವ ಪ್ರೀಕಂಡಿಷನಿಂಗ್ ಆನ್ ಇದೆ, ನೋಡಿದ್ದೇನೆ. ಶೋರೂಮಿನವರು ಗಾಡಿ ನೋಡಿ "ಎಲ್ಲ ಸರಿ ಇದೆ" ಅಂತ ವಾಪಸ್ ಕಳಿಸಿದರು. ಏನು ಮಾಡಲಿ?

ಕರೆಂಟ್ ಕೃಷ್ಣ:
ಇದು ಚಾರ್ಜರ್ ಸಮಸ್ಯೆ ಗುರು. ಬೋರ್ಡ್ ಮೇಲೆ 350 ಇರುತ್ತದೆ, ಒಳಗೆ ಎರಡು ಗನ್‌ಗೆ ಹಂಚುತ್ತಾರೆ. ಪಕ್ಕದಲ್ಲಿ ಇನ್ನೊಂದು ಗಾಡಿ ಇತ್ತಾ? ಇದ್ದರೆ ಅದೇ ಕಾರಣ. ಬೇರೆ ಸ್ಟೇಷನ್‌ಗೆ ಹೋಗಿ.

ಸುಮಾ ವಿನಿಪೆಗ್:
ನಾನು ಹೊರಡುವ ಮೊದಲು ಆ್ಯಪ್‌ನಿಂದ ಇಪ್ಪತ್ತು ನಿಮಿಷ ಗಾಡಿ ಬಿಸಿ ಮಾಡುತ್ತೇನೆ. ಸೀಟು, ಸ್ಟಿಯರಿಂಗ್ ಎಲ್ಲ ಬೆಚ್ಚಗಿರುತ್ತದೆ. ನೀವೂ ಹಾಗೆ ಮಾಡಿ ನೋಡಿ, ಸರಿ ಹೋಗಬಹುದು.

ಓಮ್ಸ್ ಲಾ:
ಸುಮಾ ಮೇಡಂ, ಅದು ಕೂರುವ ಜಾಗ ಬಿಸಿ ಮಾಡುವುದು. ಬ್ಯಾಟರಿ ತಣ್ಣಗೇ ಇರುತ್ತದೆ. ಎರಡಕ್ಕೂ ಒಂದೇ ಹೆಸರು ಹೇಳುತ್ತಾರೆ, ಅದರಿಂದಲೇ ಗೊಂದಲ.

ಹಾಸನದವರೇ, ನಾಲ್ಕು ವಿಷಯ ಹೇಳಿ. ಯಾವ ಗಾಡಿ? ಹೊರಟಾಗ ಎಷ್ಟು ಪರ್ಸೆಂಟ್, ತಲುಪಿದಾಗ ಎಷ್ಟು? ರಾತ್ರಿ ಎಲ್ಲಿ ನಿಂತಿತ್ತು? ದಾರಿ ತೋರಿಸಿದ್ದು ಗಾಡಿಯ ಮ್ಯಾಪಾ, ಫೋನಿನ ಮ್ಯಾಪಾ?

ಹಾಸನ_ಟು_ಒಟ್ಟಾವಾ:
ಕೊರಿಯಾ ಗಾಡಿ, 2023, 77 ಯೂನಿಟ್ ಬ್ಯಾಟರಿ. ರಾತ್ರಿ ಬಯಲಲ್ಲೇ ನಿಂತಿತ್ತು. ಹೊರಟಾಗ 90, ತಲುಪಿದಾಗ 15. ಕಮ್ಮಿ ಪರ್ಸೆಂಟ್‌ನಲ್ಲಿ ಹೋದರೆ ಬೇಗ ಚಾರ್ಜ್ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ವಾ. ಮ್ಯಾಪ್ ಫೋನಿನದು, ಗಾಡಿಯ ಸ್ಕ್ರೀನ್ ಮೇಲೆ ಬರುತ್ತಿತ್ತು. ಕೃಷ್ಣ, ಪಕ್ಕದಲ್ಲಿ ಒಂದು ಗಾಡಿ ಇತ್ತು. ಅದಕ್ಕೆ 140 ಹೋಗುತ್ತಿತ್ತು.

ಕರೆಂಟ್ ಕೃಷ್ಣ:
ನೋಡಿ, ಹೇಳಲಿಲ್ಲವೇ? ಅವನೇ ಎಳೆದುಕೊಂಡಿದ್ದಾನೆ.

ಓಮ್ಸ್ ಲಾ:
ಅವನು 140 ತೆಗೆದುಕೊಂಡರೂ 350ರಲ್ಲಿ ಇನ್ನೂ 200 ಉಳಿಯುತ್ತದೆ. ಅರ್ಧರ್ಧ ಹಂಚಿದ್ದರೂ ಇವರಿಗೆ 175 ಸಿಗಬೇಕಿತ್ತು. ಚಾರ್ಜರ್ ಕೊಡುವುದು ಗಾಡಿ ಕೇಳಿದಷ್ಟನ್ನೇ. ಇವರ ಗಾಡಿ ಕೇಳಿದ್ದೇ 41. ಬ್ಯಾಟರಿ ತಣ್ಣಗಿದ್ದಾಗ ಜಾಸ್ತಿ ಕರೆಂಟ್ ತಳ್ಳಿದರೆ ಲಿಥಿಯಂ ಗ್ರಾಫೈಟ್ ಒಳಗೆ ಹೋಗುವ ಬದಲು ಅದರ ಮೇಲೆಯೇ ಲೋಹವಾಗಿ ಕೂರುತ್ತದೆ. ಆ ಹಾನಿಯಲ್ಲಿ ಒಂದು ಪಾಲು ವಾಪಸ್ ಬರುವುದಿಲ್ಲ. ಅದಕ್ಕೇ ಗಾಡಿ ತಾನೇ ಕೈ ಬಿಗಿ ಹಿಡಿದು ಕಮ್ಮಿ ಕೇಳುತ್ತದೆ. ಅರ್ಧ ಗಂಟೆ ಆದ ಮೇಲೆ 60ಕ್ಕೆ ಏರಿತು ಅಂದಿರಲ್ಲ, ಅದೇ ಗುರುತು. ಚಾರ್ಜ್ ಆಗುತ್ತಾ ಬ್ಯಾಟರಿ ನಿಧಾನಕ್ಕೆ ಬೆಚ್ಚಗಾಗಿದೆ.

ಇಲ್ಲಿ ಎರಡು ವಿಷಯ ಕೂಡಿಕೊಂಡಿವೆ. ಮೆನುವಿನಲ್ಲಿ ಟಿಕ್ ಹಾಕಿದ ಮಾತ್ರಕ್ಕೆ ನಿಮ್ಮ ಗಾಡಿಯಲ್ಲಿ ಬ್ಯಾಟರಿಯ ಹೀಟರ್ ಶುರುವಾಗುವುದಿಲ್ಲ. ಗಾಡಿಯ ಸ್ವಂತ ಮ್ಯಾಪ್‌ನಲ್ಲಿ ಫಾಸ್ಟ್ ಚಾರ್ಜರನ್ನೇ ಗುರಿಯಾಗಿ ಹಾಕಬೇಕು. "ಕಿಂಗ್‌ಸ್ಟನ್" ಅಂತ ಊರಿನ ಹೆಸರು ಹಾಕಿದರೂ ಆಗುವುದಿಲ್ಲ. ಫೋನಿನ ಮ್ಯಾಪ್ ಅಂತೂ ಗಾಡಿಗೆ ಗೊತ್ತೇ ಆಗುವುದಿಲ್ಲ. ಎರಡನೆಯದು, ಚಾರ್ಜ್ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಹೀಟರ್ ಕೆಲಸ ಮಾಡುವುದಿಲ್ಲ. ನನಗೆ ಗೊತ್ತಿರುವಂತೆ 20ರ ಆಸುಪಾಸು. ನೀವು 15ಕ್ಕೆ ಹೋಗಿದ್ದೀರಿ.

ಮಂಜು ಎಡ್ಮಂಟನ್:
20 ಅಲ್ಲ, 24. ನನ್ನ ಗಾಡಿಯೂ ಅದೇ ಕಂಪನಿಯದು.

ಓಮ್ಸ್ ಲಾ:
ವರ್ಷಕ್ಕೆ, ಅಪ್‌ಡೇಟ್‌ಗೆ ತಕ್ಕಂತೆ ಬದಲಾಗಬಹುದು. ಮ್ಯಾನುಯಲ್ ನೋಡಿಕೊಳ್ಳಲಿ. 25 ಅಂತ ಇಟ್ಟುಕೊಂಡರೆ ಜಗಳವೇ ಇಲ್ಲ.

ಮಂಜು ಎಡ್ಮಂಟನ್:
ಅದಿರಲಿ. ಎರಡು ಗಂಟೆ ಹೈವೇಯಲ್ಲಿ ಓಡಿಸಿದರೆ ಬ್ಯಾಟರಿ ತಾನಾಗಿಯೇ ಬಿಸಿಯಾಗಬೇಕಲ್ವಾ? ಬೇಸಿಗೆಯಲ್ಲಿ ನನಗೆ ಹಾಗೇ ಆಗುತ್ತದೆ.

ಓಮ್ಸ್ ಲಾ:
ಬೇಸಿಗೆಯಲ್ಲಿ ಸರಿ. ಆಗ ಬ್ಯಾಟರಿ ಮೊದಲೇ 20 ಡಿಗ್ರಿ ಮೇಲಿರುತ್ತದೆ. ಚಳಿಯಲ್ಲಿ ಲೆಕ್ಕ ಬೇರೆ. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಸುಮಾರು 25 ಕಿಲೋವ್ಯಾಟ್ ಎಳೆಯುತ್ತದೆ. ಅದರಲ್ಲಿ ಬ್ಯಾಟರಿಯೊಳಗೆ ಶಾಖವಾಗಿ ಉಳಿಯುವುದು ನೂರಕ್ಕೆ ಎರಡು ಮೂರು ಪಾಲು, ಅಂದರೆ ಅರ್ಧ ಕಿಲೋವ್ಯಾಟ್ ಚಿಲ್ಲರೆ. ಕೆಳಗಿಂದ ಮೈನಸ್ 18ರ ಗಾಳಿ ಹೊಡೆಯುತ್ತಲೇ ಇರುತ್ತದೆ. ಹೀಟರ್ ಕೊಡುವುದು 5 ಕಿಲೋವ್ಯಾಟ್, ಅದರ ಹತ್ತು ಪಟ್ಟು.

ಬ್ಯಾಟರಿ ಅಂದಾಜು 450 ಕೆ.ಜಿ. ಸೊನ್ನೆಯಿಂದ 25 ಡಿಗ್ರಿಗೆ ತರಲು 3 ಯೂನಿಟ್ ಬೇಕು. ಹೀಟರ್ ಮುಕ್ಕಾಲು ಗಂಟೆ ಓಡಬೇಕು. ಹತ್ತು ನಿಮಿಷ ಮುಂಚೆ ಮ್ಯಾಪ್‌ನಲ್ಲಿ ಚಾರ್ಜರ್ ಹಾಕಿದರೆ ಏನೂ ಸಾಲದು.

ಫ್ಯೋರ್ಡ್ ಫಣಿ:
ಓಸ್ಲೊದಿಂದ ನಮಸ್ಕಾರ. ನನ್ನದು ಹಳೆಯ ಟೆಸ್ಲಾ ಮಾಡೆಲ್ 3. ಅದರಲ್ಲಿ ಬ್ಯಾಟರಿಗೆ ಬೇರೆ ಹೀಟರೇ ಇಲ್ಲ. ಮೋಟರ್‌ಗೆ ಬೇಕೆಂದೇ ಜಾಸ್ತಿ ಕರೆಂಟ್ ಕೊಟ್ಟು ಶಾಖ ಮಾಡಿ ಅದನ್ನೇ ಬ್ಯಾಟರಿಗೆ ಕಳಿಸುತ್ತದೆ. ಮ್ಯಾಪ್‌ನಲ್ಲಿ ದೊಂಬೋಸ್‌ನ ಚಾರ್ಜರ್ ಹಾಕಿ ಹೊರಟರೆ, ಯಾವಾಗ ಶುರು ಮಾಡಬೇಕು ಅಂತ ಅದೇ ನೋಡಿಕೊಳ್ಳುತ್ತದೆ. ಹೋದ ತಿಂಗಳು ಟ್ರೊಂಡ್‌ಹೈಮ್‌ಗೆ ಹೋದಾಗ ಕಾಫಿ ಕುಡಿದು ಮುಗಿಸುವ ಮೊದಲೇ ಹೊರಡುವಷ್ಟಾಗಿತ್ತು. ಗ್ಯಾರೇಜಿನಲ್ಲಿ 11 ಕಿಲೋವ್ಯಾಟ್ ಬಾಕ್ಸ್ ಹಾಕಿಸಿದ್ದೇನೆ. ಫೋಟೊ ಬೇಕಿದ್ದರೆ ಹಾಕುತ್ತೇನೆ.

ಕರೆಂಟ್ ಕೃಷ್ಣ:
ಬರೀ ಬಿಸಿ ಮಾಡಲು 3 ಯೂನಿಟ್ ಸುಮ್ನೆ ಸುಡುವುದಾ? ದುಡ್ಡು ದಂಡ.

ಓಮ್ಸ್ ಲಾ:
3 ಯೂನಿಟ್ ಅಂದರೆ ಈ ಚಳಿಯಲ್ಲಿ 11 ಕಿಲೋಮೀಟರ್ ಓಟ. ಅದಕ್ಕೆ ಬದಲಾಗಿ ಅರ್ಧ ಗಂಟೆ ಉಳಿಯುತ್ತದೆ. ಒಂಟಾರಿಯೊದಲ್ಲಿ ನಿಮಿಷದ ಲೆಕ್ಕದಲ್ಲಿ ಬಿಲ್ ಮಾಡುವ ಸ್ಟೇಷನ್‌ಗಳೂ ಇವೆ. ಅಲ್ಲಿ ತಣ್ಣಗಿನ ಬ್ಯಾಟರಿಯೇ ದುಬಾರಿ. ಆದರೆ ಐದು ನಿಮಿಷ ಹಾಕಿ ಹೊರಡುವವರಿಗೆ ನಿಮ್ಮ ಮಾತು ಸರಿ, ಬಿಸಿ ಮಾಡುವುದು ನಷ್ಟವೇ.

ಹಾಸನದವರೇ, ಹೀಗೆ ಮಾಡಿ. 100 ತುಂಬಿಸಿಕೊಂಡೇ ಹೊರಡಿ, ಚಾರ್ಜ್ ಮುಗಿಯುವ ಹೊತ್ತು ಹೊರಡುವ ಹೊತ್ತಿಗೆ ಹೊಂದಲಿ. ಬ್ರಾಕ್‌ವಿಲ್ ತನಕ ಫೋನಿನ ಮ್ಯಾಪೇ ಇರಲಿ. ಅಲ್ಲಿಗೆ 58ರಷ್ಟು ಉಳಿದಿರುತ್ತದೆ. ಅಲ್ಲಿ ಗಾಡಿಯ ಮ್ಯಾಪ್‌ನಲ್ಲಿ ಕಿಂಗ್‌ಸ್ಟನ್‌ನ ಚಾರ್ಜರ್ ಹಾಕಿ. ಮುಂದಿನ 80 ಕಿಲೋಮೀಟರ್ ಹೀಟರ್ ಓಡಲು ಸಾಕು. ತಲುಪುವಾಗ 24-25 ಇರುತ್ತದೆ. ಸ್ವಲ್ಪ ನಿಧಾನ ಹೋದರೆ ಇನ್ನೂ ಒಳ್ಳೆಯದು. ಶುರುವಾಯಿತಾ ಅಂತ ನೋಡಲು ಬ್ಯಾಟರಿ ಗುರುತಿನ ಪಕ್ಕ ಸುರುಳಿ ಬರುತ್ತದೆ. ಎನರ್ಜಿ ಸ್ಕ್ರೀನ್‌ನಲ್ಲಿ "ಬ್ಯಾಟರಿ ಕೇರ್" ಸಾಲು 5 ಕಿಲೋವ್ಯಾಟ್ ಹತ್ತಿರ ತೋರಿಸಬೇಕು. ಅಲ್ಲಿ ಸೊನ್ನೆ ಇದ್ದರೆ ಹೀಟರ್ ಓಡುತ್ತಿಲ್ಲ.

ಹಾಸನ_ಟು_ಒಟ್ಟಾವಾ:
ಇವತ್ತು ಹೋಗಿ ಬಂದೆ. ಬ್ರಾಕ್‌ವಿಲ್‌ನಲ್ಲಿ ಮ್ಯಾಪ್‌ಗೆ ಚಾರ್ಜರ್ ಹಾಕಿದ ಕೂಡಲೇ ಸುರುಳಿ ಬಂತು, ಬ್ಯಾಟರಿ ಕೇರ್ 5 ತೋರಿಸಿತು. ಕಿಂಗ್‌ಸ್ಟನ್‌ಗೆ 26ರಲ್ಲಿ ತಲುಪಿದೆ. ಗನ್ ಹಾಕಿದ ತಕ್ಷಣ 120, ಆಮೇಲೆ 130 ದಾಟಿತು. 80 ಆಗಲು 25 ನಿಮಿಷದೊಳಗೆ ಮುಗಿಯಿತು. ತುಂಬಾ ಥ್ಯಾಂಕ್ಸ್ ಸಾರ್.

ಒಂದು ಅನುಮಾನ. ತಲುಪಲು ಹದಿನೈದು ಕಿಲೋಮೀಟರ್ ಇರುವಾಗಲೇ ಸುರುಳಿ ಹೋಯಿತು. ಆಗ ಚಾರ್ಜ್ 30ರ ಮೇಲೇ ಇತ್ತು. ಸಾಕಷ್ಟು ಬಿಸಿಯಾಗಿ ನಿಂತಿತಾ, ಬೇರೇನಾದರೂ ಇದೆಯಾ?

ಕರೆಂಟ್ ಕೃಷ್ಣ:
ಇವತ್ತು ಮೈನಸ್ 9 ಅಷ್ಟೇ. ಪಕ್ಕದಲ್ಲಿ ಯಾರೂ ಇರಲಿಲ್ಲ ಅನಿಸುತ್ತದೆ. ಅದಕ್ಕೇ ಜಾಸ್ತಿ ಬಂದಿದೆ.

ಹಾಸನ_ಟು_ಒಟ್ಟಾವಾ:
ಮೈನಸ್ 9 ಹೌದು. ಆದರೆ ಪಕ್ಕದ ಗನ್ ಖಾಲಿ ಇರಲಿಲ್ಲ.

ಓಮ್ಸ್ ಲಾ:
ಚಳಿ ಕಮ್ಮಿ ಇದ್ದದ್ದೂ ಸ್ವಲ್ಪ ಸಹಾಯ ಮಾಡಿರುತ್ತದೆ. ಮೈನಸ್ 18ರಲ್ಲಿ ಇನ್ನೊಮ್ಮೆ ನೋಡಬೇಕು. ಸುರುಳಿ ಯಾಕೆ ಹೋಯಿತು ಅಂತ ಸೆಲ್ ತಾಪಮಾನ ನೋಡದೆ ಹೇಳಲಾರೆ. ಗಾಡಿಯ ಒಳಗಿನ ಅಂಕಿಗಳನ್ನು ಫೋನಿನಲ್ಲಿ ತೋರಿಸುವ ಒಂದು ಒಬಿಡಿ ಡಾಂಗಲ್ ಹಾಕಿ, ಬ್ಯಾಟರಿಯ ಕನಿಷ್ಠ ತಾಪಮಾನ ಬರೆದುಕೊಳ್ಳಿ. ಸುರುಳಿ ಹೋದಾಗ ಎಷ್ಟು, ಗನ್ ಹಾಕಿದಾಗ ಎಷ್ಟು, ಎರಡೇ ಅಂಕಿ ಸಾಕು.

ಸುಮಾ ವಿನಿಪೆಗ್:
ಚಾರ್ಜರನ್ನು ಕೊನೆಯ ಗುರಿಯ ಬದಲು ಮಧ್ಯದ ನಿಲುಗಡೆಯಾಗಿ ಹಾಕಿದರೂ ಹೀಟರ್ ಶುರುವಾಗುತ್ತದಾ? ಮಂಜು, ನಿಮ್ಮದೂ ಅದೇ ಕಂಪನಿ ಅಂದಿರಲ್ಲ, ನೋಡಿದ್ದೀರಾ?

ಮಂಜು ಎಡ್ಮಂಟನ್:
ಹಳೆಯ ಸಾಫ್ಟ್‌ವೇರ್‌ನಲ್ಲಿ ನನಗೆ ಆಗಿರಲಿಲ್ಲ. ಅಪ್‌ಡೇಟ್ ಆದ ಮೇಲೆ ನೋಡಿಲ್ಲ. ಭಾನುವಾರ ರೆಡ್ ಡಿಯರ್‌ಗೆ ಹೋಗುವುದಿದೆ, ಹಾಕಿ ನೋಡಿ ಹೇಳುತ್ತೇನೆ.