ಪದಚರ್ಚೆ: ಮಗುವಿನ ತೂಕದ ಚಾರ್ಟ್‌ನಲ್ಲಿ ‘ಪರ್ಸೆಂಟೈಲ್’ಗೆ ‘ಶೇಕಡಾ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಹೊಸದಾಗಿ ಅಪ್ಪ ಅಮ್ಮ ಆದವರಿಗಾಗಿ ಒಂದು ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮಗುವಿನ ಬೆಳವಣಿಗೆ ಚಾರ್ಟ್ ಓದುವುದು ಹೇಗೆ ಎಂಬುದು ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಆ ಚಾರ್ಟ್‌ನಲ್ಲಿ 3, 15, 50, 85, 97 ಎಂದು ಐದು ಬಾಗಿದ ಗೆರೆಗಳಿವೆ. ‘15ನೇ ಪರ್ಸೆಂಟೈಲ್’ ಎಂಬುದನ್ನು ನಾನು ‘ಶೇಕಡಾ 15’ ಎಂದು ಬರೆದೆ.

ಕರಡನ್ನು ಮೊದಲು ತಂಗಿಗೆ ಕೊಟ್ಟೆ. ಅವಳ ಮಗಳಿಗೆ ಈಗ ಆರು ತಿಂಗಳು, ತೂಕ 6.4 ಕೆಜಿ. ಕೆಳಗೆ ತಿಂಗಳು, ಎಡಗಡೆ ಕೆಜಿ ನೋಡಿ ಎರಡೂ ಕೂಡುವಲ್ಲಿ ಚುಕ್ಕೆ ಇಟ್ಟಳು. ಚುಕ್ಕೆ 15ರ ಗೆರೆಯ ಮೇಲೆ ಕೂತಿತು. ಪಕ್ಕದಲ್ಲಿದ್ದ ಅಮ್ಮ, “ನೂರಕ್ಕೆ ಹದಿನೈದೇನಾ?” ಅಂದರು. ತಂಗಿ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ತಪ್ಪು ನಾನು ಹಾಕಿದ ಪದದ್ದೇ ಅನ್ನಿಸುತ್ತಿದೆ. ಬೇರೆ ಪದ ಹೇಳುವಿರಾ?

ಉತ್ತರ 1 (ನಿವೃತ್ತ ಗಣಿತ ಮೇಷ್ಟ್ರು)

ಶೇಕಡಾ ಬೇಡ. ‘ಪ್ರತಿಶತಕ’ ಎನ್ನಿ. ಪ್ರತಿಶತ ಎಂದರೆ ಪರ್ಸೆಂಟ್, ಅದಕ್ಕೊಂದು ‘ಕ’ ಸೇರಿಸಿದರೆ ಬೇರೆ ಪದವಾಯಿತು. ಜೊತೆಗೆ 50ರ ಗೆರೆಯೇ ಸರಿಯಾದ ತೂಕ, ಮಗು ಅಲ್ಲಿಗೆ ಬರಬೇಕು ಎಂದೂ ಸೇರಿಸಿ. ಆಗ ಗೊಂದಲವಿರದು.

ಉತ್ತರ 2 (ಮಕ್ಕಳ ವಾರ್ಡಿನ ನರ್ಸ್)

ಮೇಷ್ಟ್ರೇ, ಮೊದಲ ಮಾತು ಒಪ್ಪುತ್ತೇನೆ, ಎರಡನೆಯದು ಬೇಡ. ದಯವಿಟ್ಟು ಅದನ್ನು ಕರಪತ್ರದಲ್ಲಿ ಹಾಕಬೇಡಿ.

ಆರು ತಿಂಗಳ ನೂರು ಆರೋಗ್ಯವಂತ ಹೆಣ್ಣುಮಕ್ಕಳನ್ನು ತೂಕದ ಪ್ರಕಾರ ಹಗುರದಿಂದ ಭಾರಕ್ಕೆ ಸಾಲಾಗಿ ಮಲಗಿಸಿ ಅಂದುಕೊಳ್ಳಿ. ಈ ಮಗು ಆ ಸಾಲಿನ ಹದಿನೈದನೆಯ ಜಾಗದ ಸುಮಾರಿಗೆ ಬರುತ್ತಾಳೆ, ಅಷ್ಟೆ. ಸಾಲಿನ ನಡುವಿನವಳು 7.3 ಕೆಜಿ. ಈಗ ನಿಜವಾದ ಶೇಕಡಾ ಲೆಕ್ಕ ಹಾಕಿ. 7.3ರಲ್ಲಿ 6.4 ಎಂದರೆ ಶೇಕಡಾ 88ರ ಹತ್ತಿರ. ಅದೇ ಮಗು, ಶೇಕಡಾ ಲೆಕ್ಕದಲ್ಲಿ 88, ಸಾಲಿನ ಲೆಕ್ಕದಲ್ಲಿ 15. ನಿಮ್ಮ ಪದ ಎಡವಿದ್ದು ಇಲ್ಲೇ.

ನೂರರಲ್ಲಿ ಐವತ್ತು ಮಕ್ಕಳು ನಡುಗೆರೆಯ ಕೆಳಗೇ ಇರಬೇಕಲ್ವಾ? ಎಲ್ಲರೂ 50ಕ್ಕೆ ಬರಲಿ ಎಂದು ಅಮ್ಮಂದಿರು ಒತ್ತಾಯ ಮಾಡಿ ತಿನ್ನಿಸುವುದನ್ನು ನಾನು ದಿನಾ ನೋಡುತ್ತೇನೆ.

ನಾವು ನೋಡುವುದು ಚುಕ್ಕೆಗಳು ಹೋಗುವ ದಾರಿ. ಈ ಮಗು ಒಂಬತ್ತು ತಿಂಗಳಿಗೆ 7.3 ಕೆಜಿ ಆದರೆ ಅದೇ 15ರ ಗೆರೆ ಹಿಡಿದಿದ್ದಾಳೆ, ಚಿಂತೆಯಿಲ್ಲ. 6.6 ಕೆಜಿ ಆದರೆ? ತೂಕ ಇನ್ನೂರು ಗ್ರಾಂ ಹೆಚ್ಚಿದೆ, ಮನೆಯವರಿಗೆ ಸಮಾಧಾನ. ಆದರೆ ಚುಕ್ಕೆ 3ರ ಗೆರೆಗೆ ಇಳಿದಿದೆ. ಆಗ ಮೊದಲು ಅದೇ ತಕ್ಕಡಿಯಲ್ಲಿ, ಬಟ್ಟೆ ಡೈಪರ್ ತೆಗೆದು ಮತ್ತೆ ತೂಗಬೇಕು. ಒದ್ದೆ ಡೈಪರ್ ಒಂದೇ ಲೆಕ್ಕ ಕೆಡಿಸುತ್ತದೆ. ಆಮೇಲೂ ಅಷ್ಟೇ ಬಂದರೆ ಡಾಕ್ಟರಿಗೆ ತೋರಿಸಲೇಬೇಕು.

ಉತ್ತರ 3

ನಮ್ಮ ಮಗನಿಗೆ ಜೆಇಇಯಲ್ಲಿ 92 ಪರ್ಸೆಂಟೈಲ್ ಬಂತು. ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದರು. ಇಲ್ಲೂ 97 ಇದ್ದ ಮಗುವೇ ಗಟ್ಟಿಮುಟ್ಟಾಗಿದೆ ಅಂತ ತಾನೇ ಅರ್ಥ?

ಉತ್ತರ 4 (ನರ್ಸ್)

ಲೆಕ್ಕದ ರೀತಿ ಒಂದೇ ಸರ್. ಆದರೆ ಅಲ್ಲಿ ಮುಂದೆ ನಿಂತವರು ಗೆದ್ದರು. ಇಲ್ಲಿ ಗೆಲ್ಲುವುದಿಲ್ಲ, ಸೋಲುವುದಿಲ್ಲ. ತೂಕ 97ರಲ್ಲಿದ್ದು ಉದ್ದ 15ರಲ್ಲಿದ್ದರೆ ಅದನ್ನೂ ವಿಚಾರಿಸುತ್ತೇವೆ.

ಉತ್ತರ 5 (ಹುಬ್ಬಳ್ಳಿಯಿಂದ)

ನನ್ನ ಮಗ ಎರಡು ತಿಂಗಳು ಮೊದಲೇ ಹುಟ್ಟಿದ. ಆರು ತಿಂಗಳಿಗೆ ಚುಕ್ಕೆ ಎಲ್ಲ ಗೆರೆಗಿಂತ ಕೆಳಗೆ ಬಿತ್ತು, ಅತ್ತುಬಿಟ್ಟೆ. ಆಮೇಲೆ ಡಾಕ್ಟರು ಚುಕ್ಕೆಯನ್ನು ನಾಲ್ಕು ತಿಂಗಳ ಮನೆಗೆ ಸರಿಸಿದರು. ಅವಧಿಗೆ ಮುಂಚೆ ಹುಟ್ಟಿದವರಿಗೆ ಎರಡು ವರ್ಷದವರೆಗೆ ಹಾಗೇ ಲೆಕ್ಕ ಹಾಕಬೇಕಂತೆ. ಪದ ಯಾವುದಾದರೂ ಇರಲಿ, ಇದೊಂದು ಸಾಲು ಹಾಕಿ.

ಮತ್ತೆ ನಾನು

ಹಾಕುತ್ತೇನೆ ಅಕ್ಕಾ, ಮೊದಲ ಪುಟದಲ್ಲೇ. ಸಿಸ್ಟರ್ ಹೇಳಿದ ಸಾಲನ್ನೂ ಸೇರಿಸಿ ಈಗ ಹೀಗೆ ಬರೆದಿದ್ದೇನೆ: “ನಿಮ್ಮ ಮಗು 15ರ ಗೆರೆಯಲ್ಲಿದೆ. ಅದೇ ವಯಸ್ಸಿನ ನೂರು ಆರೋಗ್ಯವಂತ ಹೆಣ್ಣುಮಕ್ಕಳಲ್ಲಿ ಸುಮಾರು 15 ಮಂದಿ ಇವಳಿಗಿಂತ ಹಗುರ, 85 ಮಂದಿ ಭಾರ.” ಅಮ್ಮನಿಗೆ ಓದಿ ಹೇಳಿದೆ. “ಹಾಗಾದ್ರೆ ಇವಳ ಹಿಂದೆ ಇನ್ನೂ ಮಕ್ಕಳಿದ್ದಾರೆ” ಅಂದರು.

ವಾಕ್ಯದೊಳಗೆ ‘15ರ ಗೆರೆ’ ಚೆನ್ನಾಗಿ ಕೂರುತ್ತದೆ. ಚಾರ್ಟಿನ ತಲೆಬರಹಕ್ಕೆ ಮಾತ್ರ ಸಾಲದು. ಅಲ್ಲಿ ‘ಪರ್ಸೆಂಟೈಲ್’ ಎಂದೇ ಬಿಟ್ಟಿದ್ದೇನೆ.

ಉತ್ತರ 6 (ಮೇಷ್ಟ್ರು)

50ರ ಬಗ್ಗೆ ನಾನು ಹೇಳಿದ್ದು ತಪ್ಪು, ಒಪ್ಪಿದೆ. ತಲೆಬರಹಕ್ಕೆ ಮಾತ್ರ ‘ಪ್ರತಿಶತಕ’ವೇ ಇರಲಿ ಎನ್ನುತ್ತೇನೆ.

ಉತ್ತರ 7 (ನರ್ಸ್)

‘ಪ್ರತಿಶತ’ ಕಂಡ ಕೂಡಲೇ ಜನ ಮತ್ತೆ ನೂರಕ್ಕೆ ಎಷ್ಟು ಅಂತಲೇ ಓದುತ್ತಾರೆ ಮೇಷ್ಟ್ರೇ. ‘ಕ’ ಯಾರ ಕಣ್ಣಿಗೂ ಬೀಳುವುದಿಲ್ಲ. ‘ಸಾಲಿನ ಸ್ಥಾನ’ ಅಂದರೆ ಹೇಗೆ?