ಕ್ಲೋಜ್ ಟೆಸ್ಟ್‌ನಲ್ಲಿ ‘ಬಟ್’ ನೋಡಿ ಉಲ್ಟಾ ಪದ ಹಾಕಿದರೂ ತಪ್ಪಾಗುತ್ತಿದೆ, ಯಾಕೆ?

ಕೇಳಿದವರು: ಮೇಡಂ, ಎಸ್‌ಎಸ್‌ಸಿ ಸಿಜಿಎಲ್‌ಗೆ ಓದುತ್ತಿದ್ದೇನೆ. ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಕ್ಲೋಜ್ ಟೆಸ್ಟ್‌ನ ಐದರಲ್ಲಿ ಮೂರು ಸರಿ ಬರುತ್ತವೆ, ಎರಡು ಪ್ರತಿ ಸಲ ಹೋಗುತ್ತವೆ. ನಿನ್ನೆ ಕೋಚಿಂಗ್‌ನಲ್ಲಿ ಕೊಟ್ಟಿದ್ದು ಇದು:

“ದ ಫಾರ್ಮರ್ಸ್ ಹ್ಯಾಡ್ ಬೀನ್ (1)___ ಆಫ್ ದ ಡ್ರಾಟ್ ಫಾರ್ ಮಂತ್ಸ್, ಬಟ್ ಫ್ಯೂ ಟುಕ್ ಇಟ್ (2)___. ದ ಟ್ಯಾಂಕ್, ವಿಚ್ ಒನ್ಸ್ ಸಪ್ಲೈಡ್ ವಾಟರ್ ಟು ಫಾರ್ಟಿ ಫ್ಯಾಮಿಲೀಸ್, ವಾಸ್ ನೌ ರೆಡ್ಯೂಸ್ಡ್ (3)___ ಎ ಮಡ್ಡಿ ಪೂಲ್. (4)___ ದ ಗವರ್ನ್‌ಮೆಂಟ್ ಸೆಂಟ್ ಟ್ಯಾಂಕರ್ಸ್, ದ ಸಪ್ಲೈ ವಾಸ್ ಫಾರ್ ಫ್ರಮ್ (5)___.”

ಎರಡಕ್ಕೆ ‘ಲೈಟ್ಲಿ’, ಐದಕ್ಕೆ ‘ಇನ್‌ಸಫಿಶಿಯೆಂಟ್’ ಹಾಕಿದೆ. ಎರಡೂ ತಪ್ಪಂತೆ. ಅರ್ಥ ನೋಡಿಯೇ ಹಾಕಿದ್ದು. ಎಲ್ಲಿ ಎಡವಿದೆ?

ಮೊದಲ ಕಾಮೆಂಟ್: ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ ಬ್ರೋ. ‘ಬಟ್’, ‘ಆಲ್ದೋ’ ಕಂಡರೆ ಆ ಕಡೆಗೆ ಆಪೋಸಿಟ್ ಪದ. ‘ಆಂಡ್’ ಕಂಡರೆ ಅದೇ ಥರದ ಪದ. ಉಳಿದಿದ್ದು ಗ್ರಾಮರ್. ನನಗೆ ಐದಕ್ಕೆ ನಾಲ್ಕು ಗ್ಯಾರಂಟಿ.

ಉತ್ತರ (ಧಾರವಾಡದ ಕೋಚಿಂಗ್‌ನಲ್ಲಿ ಇಂಗ್ಲಿಷ್ ಕಲಿಸುವವರು): ಆ ಐದನೆಯದು ಹೋಗುವುದೇ ಈ ಸೂತ್ರದಿಂದ. ಸೂತ್ರ ಅರ್ಧ ಸರಿ. ‘ಬಟ್’ ಇದ್ದರೆ ದಿಕ್ಕು ತಿರುಗುತ್ತದೆ, ನಿಜ. ಆದರೆ ತಿರುಗುವುದು ಇಡೀ ವಾಕ್ಯದ ಅರ್ಥ. ಖಾಲಿ ಜಾಗದ ಪದವೇ ತಿರುಗಬೇಕೆಂದಿಲ್ಲ. ತಿರುಗಿಸುವ ಕೆಲಸವನ್ನು ಬೇರೆ ಯಾವುದೋ ಪದ ಆಗಲೇ ಮಾಡಿ ಮುಗಿಸಿರಬಹುದು.

ಎರಡನೆಯದನ್ನೇ ನೋಡಿ. ಬರ ಬರುತ್ತದೆ ಎಂದು ರೈತರಿಗೆ ತಿಂಗಳುಗಟ್ಟಲೆ ಎಚ್ಚರಿಕೆ ಕೊಟ್ಟಿದ್ದರು, ಆದರೆ... ಮುಂದೇನು ಬರಬೇಕು? ಜನ ತಲೆ ಕೆಡಿಸಿಕೊಳ್ಳಲಿಲ್ಲ ಅಂತ ತಾನೇ. ಅದಕ್ಕೇ ನಿಮ್ಮ ಕೈ ‘ಲೈಟ್ಲಿ’ ಕಡೆಗೆ ಹೋಗಿದೆ. ಈಗ ‘ಫ್ಯೂ’ ಮೇಲೆ ಬೆರಳಿಡಿ. ಅದರ ಹಿಂದೆ ‘ಎ’ ಇಲ್ಲ. ‘ಎ ಫ್ಯೂ’ ಅಂದರೆ ಕೆಲವರು. ಬರೀ ‘ಫ್ಯೂ’ ಅಂದರೆ ಹೆಚ್ಚುಕಡಿಮೆ ಯಾರೂ ಇಲ್ಲ. ‘ಫ್ಯೂ ಟುಕ್ ಇಟ್ ಲೈಟ್ಲಿ’ ಅಂದರೆ ಹಗುರವಾಗಿ ತೆಗೆದುಕೊಂಡವರು ಇರಲಿಲ್ಲ, ಎಲ್ಲರೂ ಹೆದರಿದ್ದರು ಎಂದಾಯಿತು. ಹಾಗಾದರೆ ‘ಬಟ್’ ಯಾಕೆ ಬೇಕಿತ್ತು? ಇಲ್ಲಿ ಬರಬೇಕಾದ್ದು ‘ಸೀರಿಯಸ್ಲಿ’. ‘ಇಲ್ಲ’ ಎನ್ನುವುದು ‘ಫ್ಯೂ’ ಒಳಗೇ ಕೂತಿದೆ.

ಐದನೆಯದರಲ್ಲೂ ಅದೇ ಆಟ. ಟ್ಯಾಂಕರ್ ಕಳಿಸಿದರೂ ನೀರು ಸಾಕಾಗಲಿಲ್ಲ ಎನ್ನುವ ಅರ್ಥ ನಿಮಗೆ ಸರಿಯಾಗಿಯೇ ಹೊಳೆದಿದೆ. ಆದರೆ ‘ಫಾರ್ ಫ್ರಮ್’ ಅಂದರೇ ‘ಖಂಡಿತ ಅಲ್ಲ’. ಅದರ ಮುಂದೆ ‘ಇನ್‌ಸಫಿಶಿಯೆಂಟ್’ ಹಾಕಿದರೆ ‘ಸಾಲದೇ ಇರಲಿಲ್ಲ’ ಆಗುತ್ತದೆ. ಅಂದರೆ ನೀರು ಧಾರಾಳವಾಗಿತ್ತು! ಉತ್ತರ ‘ಆಡಿಕ್ವೇಟ್’.

ನಮ್ಮ ಹುಡುಗರು ಇಲ್ಲೇ ಜಾರುವುದಕ್ಕೆ ಒಂದು ಕಾರಣವಿದೆ. ಕನ್ನಡದಲ್ಲಿ ‘ಇಲ್ಲ’ ಬರುವುದು ವಾಕ್ಯದ ಕೊನೆಯಲ್ಲಿ, ಕ್ರಿಯಾಪದಕ್ಕೆ ಅಂಟಿಕೊಂಡು. ‘ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ’, ‘ನೀರು ಸಾಲಲಿಲ್ಲ’. ಆ ‘ಇಲ್ಲ’ಕ್ಕಾಗಿ ಕೊನೆಯವರೆಗೆ ಕಾಯುವುದು ನಮಗೆ ರೂಢಿ. ಇಂಗ್ಲಿಷ್ ಅದನ್ನು ಮೊದಲೇ, ಕರ್ತೃವಿನಲ್ಲೋ ನಡುವೆ ಎಲ್ಲೋ ಬಚ್ಚಿಟ್ಟಿರುತ್ತದೆ. ನಾವು ಕೊನೆಯಲ್ಲಿ ಇನ್ನೊಂದು ‘ಇಲ್ಲ’ ಸೇರಿಸಿಬಿಡುತ್ತೇವೆ.

ಹಾಗಾಗಿ ಪದ ಹಾಕಿದ ಮೇಲೆ ಆ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಪೂರ್ತಿ ಹೇಳಿಕೊಳ್ಳಿ, ಕೊನೆಯ ಕ್ರಿಯಾಪದದ ತನಕ. ‘ಹಗುರವಾಗಿ ತೆಗೆದುಕೊಂಡವರು ಇರಲಿಲ್ಲ’ ಎಂದು ಬಾಯಿಗೆ ಬಂದರೆ ತಪ್ಪು ಅಲ್ಲೇ ಕಾಣುತ್ತದೆ. ‘ಹಾರ್ಡ್ಲಿ’, ‘ಸೆಲ್ಡಮ್’, ‘ಫೇಲ್ಡ್ ಟು’, ‘ವಿದೌಟ್’, ‘ಟೂ’ ಆಮೇಲೆ ‘ಟು’, ಇವೆಲ್ಲದರ ಹೊಟ್ಟೆಯಲ್ಲೂ ‘ಇಲ್ಲ’ ಇದೆ.

ಎರಡನೇ ಕಾಮೆಂಟ್: ಪಿಡಿಒ ಪರೀಕ್ಷೆಯ ಕನ್ನಡ ಪೇಪರಿನ ಬಿಟ್ಟ ಸ್ಥಳಕ್ಕೂ ಇದೇನಾ ಮೇಡಂ? ನನಗೆ ವಿಭಕ್ತಿ ಪ್ರತ್ಯಯದಲ್ಲಿ ಗೊಂದಲ.

ಉತ್ತರ: ಅದು ಬೇರೆ ವಿಷಯ, ಬೇರೆಯಾಗಿ ಕೇಳಿ. ಇಲ್ಲಿ ಬೆರೆಸಿದರೆ ಇಬ್ಬರಿಗೂ ಗೊಂದಲ.

ಕೇಳಿದವರು: ಮೇಡಂ, ಉಳಿದ ಮೂರು ನನಗೆ ಸರಿ ಬಂದವು, ಆದರೆ ಅಂದಾಜಿಗೆ ಹಾಕಿದ್ದು. ಅವಕ್ಕೆ ಸುಳಿವು ಎಲ್ಲಿದೆ?

ಉತ್ತರ: ಅವು ಸುಲಭದವು. ಖಾಲಿ ಜಾಗಕ್ಕೆ ಅಂಟಿಕೊಂಡ ಪದವೇ ಸುಳಿವು. ಒಂದರಲ್ಲಿ ಮುಂದೆಯೇ ‘ಆಫ್’ ಇದೆ. ನಿಮ್ಮ ಆಯ್ಕೆಗಳಲ್ಲಿ ‘ವಾರ್ನ್ಡ್’, ‘ಸಜೆಸ್ಟೆಡ್’, ‘ಎಕ್ಸ್‌ಪ್ಲೇನ್ಡ್’, ‘ಪ್ರೆಡಿಕ್ಟೆಡ್’ ಇದ್ದಿರಬೇಕು, ಅಲ್ವಾ? ಇಂಥ ವಾಕ್ಯದಲ್ಲಿ ಜನರನ್ನು ಕರ್ತೃವಾಗಿಟ್ಟು, ತನ್ನ ಮುಂದೆ ‘ಆಫ್’ ತರಬಲ್ಲದ್ದು ‘ವಾರ್ನ್ಡ್’ ಮಾತ್ರ. ಮೂರರಲ್ಲಿ ‘ರೆಡ್ಯೂಸ್ಡ್’ ಜೊತೆ ‘ಟು’. ಒಂದು ಕಾಲಕ್ಕೆ ಹಾಗಿದ್ದದ್ದು ಈಗ ಹೀಗಾಗಿದೆ ಎಂದು ‘ಒನ್ಸ್’ ಮತ್ತು ‘ನೌ’ ಮೊದಲೇ ಹೇಳಿವೆ. ನಾಲ್ಕಕ್ಕೆ ‘ಡಿಸ್ಪೈಟ್’ ಆಯ್ಕೆ ಇದ್ದರೆ ಮೋಸ ಹೋಗಬೇಡಿ. ಮುಂದೆ ‘ಗವರ್ನ್‌ಮೆಂಟ್ ಸೆಂಟ್’ ಎಂದು ಕರ್ತೃ, ಕ್ರಿಯಾಪದ ಎರಡೂ ಬಂದಿವೆ. ಅಲ್ಲಿ ‘ಆಲ್ದೋ’ ಮಾತ್ರ ಕೂರುತ್ತದೆ. ‘ಡಿಸ್ಪೈಟ್’ ಆಗಬೇಕಿದ್ದರೆ ‘ಡಿಸ್ಪೈಟ್ ದ ಟ್ಯಾಂಕರ್ಸ್’ ಅಂತ ಬರೀ ನಾಮಪದ ಇರಬೇಕಿತ್ತು.

ಇನ್ನೊಂದು ಮಾತು. 1953ರಲ್ಲಿ ವಿಲ್ಸನ್ ಟೇಲರ್ ಎನ್ನುವವರು ಕ್ಲೋಜ್ ವಿಧಾನ ಶುರು ಮಾಡಿದಾಗ ಅಳೆಯಲು ಹೊರಟಿದ್ದು ಒಂದು ಬರಹ ಓದಲು ಎಷ್ಟು ಸುಲಭ ಎನ್ನುವುದನ್ನು. ಇಷ್ಟಿಷ್ಟು ಪದಕ್ಕೊಂದು ಅಂತ ಕಣ್ಣು ಮುಚ್ಚಿ ತೆಗೆಯುತ್ತಿದ್ದರು. ಅಲ್ಲಿ ಸುಳಿವೇ ಇಲ್ಲದ ಜಾಗವೂ ಬರಬಹುದಿತ್ತು. ನಿಮ್ಮ ಪರೀಕ್ಷೆಯಲ್ಲಿ ಪದವನ್ನು ಆರಿಸಿ ತೆಗೆಯುತ್ತಾರೆ. ಒಂದೇ ಉತ್ತರ ಉಳಿಯದಿದ್ದರೆ ಕೀ ಆನ್ಸರ್‌ಗೆ ಆಕ್ಷೇಪಣೆ ಬರುತ್ತದೆ. ಅದಕ್ಕೇ ಸುಳಿವು ಹತ್ತಿರದಲ್ಲೇ ಇರುತ್ತದೆ ಎಂದು ನಂಬಿ ಹುಡುಕಬಹುದು.

ಮೂರನೇ ಕಾಮೆಂಟ್ (ಬ್ಯಾಂಕ್ ಕ್ಲರ್ಕ್): ಇದೆಲ್ಲ ಮನೆಯಲ್ಲಿ ಚೆಂದ ಮೇಡಂ. ಹಾಲ್‌ನಲ್ಲಿ ಟೈಮ್ ಎಲ್ಲಿದೆ? ನಾನು ಪ್ಯಾಸೇಜ್ ಓದುತ್ತಲೇ ಇರಲಿಲ್ಲ. ಒಂದೊಂದು ವಾಕ್ಯ, ಒಂದೊಂದು ಟಿಕ್. ಪಾಸೂ ಆದೆ.

ಉತ್ತರ: ನಿಮಗೆ ಒಗ್ಗಿದೆ, ಸಂತೋಷ. ನಾನಂತೂ ಒಮ್ಮೆ ಪೂರ್ತಿ ಓದಿ ಎಂದೇ ಹೇಳುತ್ತೇನೆ, ಅರ್ಧ ನಿಮಿಷ ಸಾಕು. ‘ಒನ್ಸ್’ ಒಂದು ಕಡೆ, ‘ನೌ’ ಮೂರು ಸಾಲು ಕೆಳಗೆ ಇದ್ದರೆ ವಾಕ್ಯ ವಾಕ್ಯವಾಗಿ ಹೋಗುವವರಿಗೆ ಸಿಗುವುದಿಲ್ಲ. ಸಿಜಿಎಲ್ ಟಯರ್ 1ರಲ್ಲಿ ಒಂದು ತಪ್ಪಿಗೆ ಅರ್ಧ ಅಂಕವೂ ಹೋಗುತ್ತದೆ.

ಮೂರನೇ ಕಾಮೆಂಟ್: ಆ ಅರ್ಧ ನಿಮಿಷದಲ್ಲಿ ನಾನು ಒಂದು ಸಿನೊನಿಮ್ ಮುಗಿಸುತ್ತಿದ್ದೆ. ಒಪ್ಪಲ್ಲ ಮೇಡಂ 😄

ಮೊದಲ ಕಾಮೆಂಟ್: ‘ಎನಿಥಿಂಗ್ ಬಟ್’ ಬಂದರೂ ಉಲ್ಟಾನಾ? ಅಲ್ಲೂ ‘ಬಟ್’ ಇದೆಯಲ್ಲ.

ಉತ್ತರ: ಒಳ್ಳೆ ಪ್ರಶ್ನೆ. ಆ ‘ಬಟ್’ ‘ಆದರೆ’ ಅಲ್ಲ, ‘ಬಿಟ್ಟು’. ‘ಎನಿಥಿಂಗ್ ಬಟ್ ಈಸಿ’ ಅಂದರೆ ಏನು ಬೇಕಾದರೂ ಅನ್ನಿ, ಸುಲಭ ಮಾತ್ರ ಅನ್ನಬೇಡಿ. ‘ನಥಿಂಗ್ ಬಟ್’ ಅಂದರೆ ‘ಅದೊಂದೇ’. ನೋಡಲು ಒಂದೇ ಥರ, ಅರ್ಥ ತದ್ವಿರುದ್ಧ. ಪ್ರಶ್ನೆ ಕೇಳಿದವರೇ, ಇದನ್ನು ಬಿಡಿಸಿ: “ದ ರೋಡ್ ವಾಸ್ ಎನಿಥಿಂಗ್ ಬಟ್ ಸ್ಮೂತ್, ಯೆಟ್ ದ ಬಸ್ ವಾಸ್ ಸೆಲ್ಡಮ್ ___.” ಆಯ್ಕೆ ಎರಡೇ: ‘ಲೇಟ್’, ‘ಪಂಕ್ಚುಯಲ್’.

ಕೇಳಿದವರು: ರಸ್ತೆ ಸರಿಯಿರಲಿಲ್ಲ. ಆದರೂ... ಬಸ್ಸು ಹೊತ್ತಿಗೆ ಬರುತ್ತಿತ್ತು ಅಂತ ಬರಬೇಕು. ಮೊದಲು ‘ಪಂಕ್ಚುಯಲ್’ ಅಂದುಕೊಂಡೆ. ಆದರೆ ‘ಸೆಲ್ಡಮ್’ ಒಳಗೆ ‘ಇಲ್ಲ’ ಇದೆ. ‘ತಡವಾಗುತ್ತಿದ್ದದ್ದೇ ಇಲ್ಲ’. ‘ಲೇಟ್’?

ಉತ್ತರ: ಲೇಟ್.