ಪುಟಕ್ಕೆ ಜನ ಬರುತ್ತಾರೆ, ವಿಶ್‌ಲಿಸ್ಟ್ ಏರುತ್ತಿಲ್ಲ: ಟ್ರೇಲರ್‌ನಲ್ಲಿ ದೋಷವಿದೆಯೇ?

ದೀಪಧಾರಿ: ನಮ್ಮ ಆಟದ ಸ್ಟೋರ್ ಪುಟವನ್ನು ನೋಡಲು ಜನ ಬರುತ್ತಿದ್ದಾರೆ, ಆದರೆ ವಿಶ್‌ಲಿಸ್ಟ್‌ಗೆ ಸೇರಿಸುವವರು ತೀರಾ ವಿರಳ. ಟ್ರೇಲರ್‌ಗೆ ಒಳ್ಳೆಯ ಸಂಗೀತ, ನಿರೂಪಣೆ ಎಲ್ಲವೂ ಇವೆ. ಇನ್ನೇನು ಮಾಡಬೇಕೆಂದು ತೋಚದೆ ಬೇಸತ್ತಿದ್ದೇನೆ.

ಬಣ್ಣದಬೆರಳು: ಸ್ಟೋರ್ ಪಟ್ಟಿಗಳಲ್ಲಿ ಕಾಣುವ ಕ್ಯಾಪ್ಸೂಲ್ ಚಿತ್ರವನ್ನು ಬದಲಾಯಿಸಿ. ಚಿಕ್ಕ ಗಾತ್ರದಲ್ಲಿ ಆಟದ ಹೆಸರು ಓದಲು ಬಾರದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಕತ್ತರಿಮನೆ: ಕ್ಯಾಪ್ಸೂಲ್ ಕೆಟ್ಟಿದ್ದರೆ ಜನ ಪುಟಕ್ಕೇ ಬರುವುದಿಲ್ಲ. ಇಲ್ಲಿ ಬಂದವರು ಮರಳಿ ಹೋಗುತ್ತಿದ್ದಾರೆ, ಆದ್ದರಿಂದ ಪುಟದೊಳಗೇ ಹುಡುಕಬೇಕು. ಇದು ಯಾವ ಸ್ಟೋರ್, ಆಟಗಾರ ಮಾಡುವ ಕೆಲಸವೇನು, ಆ ಕೆಲಸ ಟ್ರೇಲರ್‌ನಲ್ಲಿ ಎಷ್ಟನೆಯ ಸೆಕೆಂಡಿಗೆ ಕಾಣುತ್ತದೆ?

ದೀಪಧಾರಿ: ಸ್ಟೀಮ್. ಒಗಟಿನ ಆಟ, ದೀಪವನ್ನು ಸರಿಸಿದರೆ ಕಂಬದ ನೆರಳು ಗಟ್ಟಿಯಾಗಿ ಸೇತುವೆಯಾಗುತ್ತದೆ. ಮೊದಲು ನಮ್ಮ ಲೋಗೋ, ಆಮೇಲೆ ಊರಿನ ಕಥೆ, 22ನೆಯ ಸೆಕೆಂಡಿಗೆ ಆಟ.

ಕತ್ತರಿಮನೆ: ಸ್ಟೀಮ್ ಪುಟದಲ್ಲಿ ಟ್ರೇಲರ್ ಸಾಮಾನ್ಯವಾಗಿ ಸದ್ದಿಲ್ಲದೆ ತಾನೇ ಓಡತೊಡಗುತ್ತದೆ, ಹಾಗಾಗಿ ನಿಮ್ಮ ನಿರೂಪಣೆ ಹೆಚ್ಚಿನವರ ಕಿವಿಗೆ ಬೀಳುವುದೇ ಇಲ್ಲ. ಲೋಗೋವನ್ನು ಕೊನೆಗೆ ಒಯ್ಯಿರಿ. ಕಪ್ಪು ತೆರೆಯಿಂದ ನಿಧಾನವಾಗಿ ಬೆಳಗುವ ಆರಂಭವೂ ಬೇಡ. ಮೊದಲ ಫ್ರೇಮಿನಲ್ಲೇ ಪಾತ್ರ ಕಂದಕದ ಅಂಚಿನಲ್ಲಿರಲಿ, ಎರಡನೆಯ ಸೆಕೆಂಡಿಗೆ ದೀಪ ಸರಿಯಲಿ, ನೆರಳು ಚಾಚಿಕೊಳ್ಳಲಿ, ನಾಲ್ಕನೆಯ ಸೆಕೆಂಡಿಗೆ ಪಾತ್ರ ಅದರ ಮೇಲೆ ನಡೆಯಲಿ. ಈ ಇಡೀ ಘಟನೆ ಒಂದೇ ಶಾಟ್‌ನಲ್ಲಿರಬೇಕು, ಏಕೆಂದರೆ ನಡುವೆ ಕತ್ತರಿಸಿದರೆ ಸೇತುವೆ ದೀಪದಿಂದಲೇ ಮೂಡಿತೆಂಬುದು ತಿಳಿಯುವುದಿಲ್ಲ.

ಎರಡುಯಂತ್ರ: ನಾನು ಆಟವನ್ನು ಒಂದು ಕಂಪ್ಯೂಟರಿನಲ್ಲಿ ಓಡಿಸಿ ಇನ್ನೊಂದರಲ್ಲಿ ಕ್ಯಾಪ್ಚರ್ ಕಾರ್ಡ್ ಮೂಲಕ ರೆಕಾರ್ಡ್ ಮಾಡುತ್ತೇನೆ, ಒಂದೇ ಒಂದು ಫ್ರೇಮ್ ಕೂಡ ತಪ್ಪುವುದಿಲ್ಲ. ಸೆಕೆಂಡಿಗೆ 60 ಫ್ರೇಮ್ ಇಲ್ಲದ ಟ್ರೇಲರನ್ನು ಯಾರೂ ನೋಡುವುದಿಲ್ಲ.

ಬಣ್ಣದಬೆರಳು: ಒಗಟಿನ ಆಟಕ್ಕೆ 30 ಸಾಕು. ಕ್ಯಾಪ್ಸೂಲ್ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ.

ಕತ್ತರಿಮನೆ: ಸ್ಟೀಮ್ ಎರಡನ್ನೂ ಒಪ್ಪುತ್ತದೆ, ಆ ಚರ್ಚೆಗೆ ಬೇರೆ ಎಳೆ ತೆರೆಯಿರಿ. ದೀಪಧಾರಿ, ಹೊಸ ಆರಂಭವನ್ನು ಆಟದ ಪರಿಚಯವಿಲ್ಲದವರಿಗೆ ಸದ್ದಿಲ್ಲದೆ ತೋರಿಸಿ, ಐದನೆಯ ಸೆಕೆಂಡಿಗೆ ನಿಲ್ಲಿಸಿ, "ಇಲ್ಲಿ ಆಟಗಾರ ಏನು ಮಾಡುತ್ತಾನೆ?" ಎಂದಷ್ಟೇ ಕೇಳಿ.

ದೀಪಧಾರಿ: ಹಾಗೆಯೇ ಮಾಡಿದೆ. ನೋಡಿದವರು "ಸೇತುವೆ ತಾನಾಗಿ ಬಂತು" ಎಂದರು. ಟ್ರೇಲರ್ ಚೊಕ್ಕಟವಾಗಿರಲೆಂದು ನಾವು ತೆರೆಯ ಮೇಲಿನ ಬಟನ್ ಗುರುತುಗಳನ್ನೆಲ್ಲ ಮರೆಮಾಡಿದ್ದೆವು.

ಕತ್ತರಿಮನೆ: ಅವನ್ನು ಮರಳಿ ತೋರಿಸಿ. ದೀಪ ಚೌಕಟ್ಟಿನ ಮೂಲೆಯಲ್ಲಿದ್ದರೆ ಕಣ್ಣು ಪಾತ್ರದ ಮೇಲೆಯೇ ಉಳಿಯುತ್ತದೆ; ಎರಡೂ ಹತ್ತಿರ ಹತ್ತಿರ ಇರುವ ಹಂತವೊಂದನ್ನು ಆರಿಸಿಕೊಳ್ಳಿ. ಸ್ಕ್ರೀನ್‌ಶಾಟ್‌ಗಳಲ್ಲಿ ಮೊದಲನೆಯದೂ ಇದೇ ಕ್ಷಣವಾಗಿರಲಿ, ಕಥೆಯ ಚಿತ್ರಪಟವಲ್ಲ.

ದೀಪಧಾರಿ: ಎರಡನೆಯ ಹಂತದಲ್ಲಿ ಅಂಥ ಜಾಗವಿದೆ, ಅಲ್ಲಿ ಮತ್ತೆ ರೆಕಾರ್ಡ್ ಮಾಡಿದೆ, ಈ ಬಾರಿ ನೋಡಿದವರು ದೀಪವನ್ನೇ ಹೆಸರಿಸಿದರು. ಹಳೆಯ ಟ್ರೇಲರನ್ನು ಎರಡನೆಯ ಸ್ಥಾನದಲ್ಲಿ ಉಳಿಸಬೇಕೆಂದು ನನ್ನ ಜೊತೆಗಾರರ ಹಟ. ಉಳಿಸಿದರೆ ತೊಂದರೆಯಿದೆಯೇ?

ಬಣ್ಣದಬೆರಳು: ತೆಗೆದುಹಾಕಿ.

ಕತ್ತರಿಮನೆ: ನಾನಾದರೆ ಉಳಿಸುತ್ತೇನೆ. ಎರಡನೆಯದನ್ನು ಒತ್ತಿ ನೋಡುವವರಿಗೆ ಆಗಲೇ ಆಸಕ್ತಿ ಹುಟ್ಟಿರುತ್ತದೆ, ಅವರು ಕಥೆ ಕೇಳಿಯಾರು.